ಪ್ರೋಬ್ ಹೇಳಿದ್ದನ್ನೇ ಪಂಪು ನಂಬುತ್ತದೆ

ತಾರಸಿಯ ಮೇಲೆ ಪೈಪುಗಳಲ್ಲಿ ಲೆಟ್ಯೂಸ್, ಪಾಲಕ್ ಬೆಳೆಯುವವರೆಲ್ಲ ಒಂದಲ್ಲ ಒಂದು ದಿನ ಈ ಸಮಸ್ಯೆ ಎದುರಿಸುತ್ತಾರೆ. ಗಿಡದ ಹೊಸ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿಯೇ ಉಳಿಯುತ್ತವೆ. ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣ ಕಡಿಮೆಯಾಗಿದೆ ಎಂದುಕೊಂಡು ಇನ್ನಷ್ಟು ಪೋಷಕಾಂಶ ಸುರಿದರೆ ಹಳದಿ ಹೋಗುವುದಿಲ್ಲ. ಏಕೆಂದರೆ ಟ್ಯಾಂಕಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಗಿಡಕ್ಕೆ ಅದನ್ನು ತೆಗೆದುಕೊಳ್ಳಲು ಆಗುತ್ತಿಲ್ಲ. ನೀರಿನ ರಸಸಾರ, ಅಂದರೆ ಪಿಎಚ್, ಆರೂವರೆಯನ್ನು ದಾಟುತ್ತಾ ಹೋದಂತೆ ಅಗ್ಗದ ಮಿಶ್ರಣಗಳಲ್ಲಿ ಬಳಸುವ ಇಡಿಟಿಎ ಮಾದರಿಯ ಕಬ್ಬಿಣದ ಹಿಡಿತ ಸಡಿಲವಾಗುತ್ತದೆ. ಬಿಡುಗಡೆಯಾದ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ತಳದಲ್ಲಿ ಕೂರುತ್ತದೆ.

ಮಣ್ಣಿನಲ್ಲಿ ಈ ಏರುಪೇರು ನಿಧಾನ. ಜೇಡಿ ಮತ್ತು ಸಾವಯವ ಅಂಶಗಳು ರಸಸಾರವನ್ನು ಹಿಡಿದು ನಿಲ್ಲಿಸುತ್ತವೆ. ಮಣ್ಣೇ ಇಲ್ಲದ ಹೈಡ್ರೋಪೋನಿಕ್ಸ್‌ನಲ್ಲಿ ಆ ಆಸರೆ ಇಲ್ಲ. ಗಿಡ ನೈಟ್ರೇಟ್ ಹೀರಿದಾಗ ಅದರ ಬದಲಿಗೆ ಬೇರು ಕ್ಷಾರದ ಅಂಶವನ್ನು ನೀರಿಗೆ ಬಿಡುತ್ತದೆ, ರಸಸಾರ ಮೇಲೇರುತ್ತದೆ. ಅದರ ಜೊತೆಗೆ ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ ಬೈಕಾರ್ಬನೇಟ್ ತುಂಬಿದ ಗಡಸು ನೀರು. ಟ್ಯಾಂಕಿಗೆ ಮೇಲಿಂದ ಮೇಲೆ ಅದನ್ನೇ ಸೇರಿಸುತ್ತಿದ್ದರೆ ರಸಸಾರ ಇನ್ನೂ ವೇಗವಾಗಿ ಏರುತ್ತದೆ. ಸೊಪ್ಪಿನ ಬೆಳೆಗಳಿಗೆ ಐದೂವರೆಯಿಂದ ಆರೂವರೆಯವರೆಗಿನ ರಸಸಾರ ಬೇಕು. ಅದಕ್ಕಾಗಿ ದಿನವೂ ಅಳೆಯಬೇಕು, ದಿನವೂ ಒಂದಿಷ್ಟು ಆಮ್ಲ ಸೇರಿಸಬೇಕು. ಈ ನಿತ್ಯದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸೋಣ ಅನ್ನಿಸುವುದು ಸಹಜ. ಒಂದು ರಸಸಾರದ ಪ್ರೋಬ್, ಒಂದು ಸಣ್ಣ ಕಂಟ್ರೋಲರ್, ಎರಡು ಮೂರು ಪುಟ್ಟ ಪೆರಿಸ್ಟಾಲ್ಟಿಕ್ ಪಂಪು ಇದ್ದರೆ ಆಯಿತು.

ಆದರೆ ಪಂಪಿಗೆ ಕಣ್ಣಿಲ್ಲ. ಪ್ರೋಬ್ 6.9 ಎಂದರೆ ಅದು 6.9 ಎಂದೇ ನಂಬಿ ಆಮ್ಲ ಸುರಿಯುತ್ತದೆ. ಕೈಯಲ್ಲಿ ಅಳೆಯುವವನು ಮೀಟರ್ ವಿಚಿತ್ರವಾಗಿ ತೋರಿಸಿದರೆ ಅನುಮಾನಪಟ್ಟು ನಿಲ್ಲುತ್ತಾನೆ. ಪಂಪು ನಿಲ್ಲುವುದಿಲ್ಲ. ಹಾಗಾಗಿ ಇಡೀ ವ್ಯವಸ್ಥೆಯ ಬೆಲೆ ಬಾಳುವ ಭಾಗ ಪಂಪಲ್ಲ, ಕಂಟ್ರೋಲರೂ ಅಲ್ಲ. ಪ್ರೋಬನ್ನು ಅದ್ದಿ ನೋಡುವ ಆ ಎರಡು ಬಾಟಲಿ ಬಫರ್ ದ್ರಾವಣ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಗಾಜಿನ ಗುಳ್ಳೆ ಹೇಳುವುದೇನು

1909ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಪಿಎಚ್ ಅಳತೆಯನ್ನು ರೂಪಿಸಿದರು. ಅದರಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚಿತು ಎಂದರ್ಥ. ಅದನ್ನು ಸುಲಭವಾಗಿ ಅಳೆಯುವ ವಿದ್ಯುತ್ ಮೀಟರನ್ನು 1934ರಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್ ಮಾಡಿದ್ದು ಕ್ಯಾಲಿಫೋರ್ನಿಯಾದ ನಿಂಬೆ ರಸದ ಹುಳಿ ಅಳೆಯಲು. ಹೀಗಾಗಿ ಈ ಉಪಕರಣಕ್ಕೂ ತೋಟಕ್ಕೂ ಇರುವ ನಂಟು ಮೊದಲಿನಿಂದಲೂ ಇದ್ದದ್ದೇ.

ಪ್ರೋಬಿನ ತುದಿಯಲ್ಲಿರುವುದು ವಿಶೇಷ ಗಾಜಿನ ತೆಳುವಾದ ಗುಳ್ಳೆ. ಅದರ ಒಳಗೆ ರಸಸಾರ ಗೊತ್ತಿರುವ ದ್ರವ, ಹೊರಗೆ ನಮ್ಮ ಟ್ಯಾಂಕಿನ ನೀರು. ಎರಡೂ ಕಡೆಯ ಆಮ್ಲೀಯತೆಯ ವ್ಯತ್ಯಾಸದಿಂದ ಗಾಜಿನಲ್ಲಿ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹೊಸ ಪ್ರೋಬಿನಲ್ಲಿ ಪಿಎಚ್ 7ರ ನೀರಿಗೆ ಅದು ಹೆಚ್ಚುಕಡಿಮೆ ಸೊನ್ನೆ. 25 ಡಿಗ್ರಿ ತಾಪಮಾನದಲ್ಲಿ ರಸಸಾರ ಒಂದು ಅಂಕ ಇಳಿದಾಗಲೆಲ್ಲ 59.16 ಮಿಲಿವೋಲ್ಟ್ ಏರುತ್ತದೆ, ಒಂದು ಅಂಕ ಹೆಚ್ಚಾದರೆ ಅಷ್ಟೇ ಇಳಿಯುತ್ತದೆ. ಮೀಟರಿನ ಪರದೆಯ ಮೇಲೆ ಕಾಣುವ ರಸಸಾರ ನೇರವಾಗಿ ಅಳೆದದ್ದಲ್ಲ, ಈ ಮಿಲಿವೋಲ್ಟಿನಿಂದ ಲೆಕ್ಕ ಹಾಕಿ ತೋರಿಸಿದ್ದು.

ಗಾಜು ಹಳತಾಗುತ್ತದೆ. ಅದರ ಮೇಲೆ ಲವಣ, ಪಾಚಿ ಕೂರುತ್ತವೆ. ಗುಳ್ಳೆಯ ಪಕ್ಕದಲ್ಲಿ ಪಿಂಗಾಣಿಯ ಒಂದು ಪುಟ್ಟ ಚುಕ್ಕೆ ಇರುತ್ತದೆ. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಅತಿ ನಿಧಾನವಾಗಿ ಅದರ ಮೂಲಕ ಜಿನುಗುತ್ತಾ ವಿದ್ಯುತ್ ಸಂಪರ್ಕವನ್ನು ಪೂರ್ತಿಗೊಳಿಸುತ್ತದೆ. ಆ ಚುಕ್ಕೆಯೂ ಕಟ್ಟಿಕೊಳ್ಳುತ್ತದೆ. ಇದರಿಂದ ಎರಡು ದೋಷ ಬರುತ್ತವೆ. ಒಂದು, ಸೊನ್ನೆ ಇರಬೇಕಾದ ಕಡೆ ಸೊನ್ನೆ ಇರುವುದಿಲ್ಲ. ಎರಡು, ಪ್ರತಿ ಅಂಕಕ್ಕೆ 59 ಬರಬೇಕಾದಲ್ಲಿ 55, 50, 45 ಎಂದು ಇಳಿಜಾರು ಕುಗ್ಗುತ್ತದೆ. ಕ್ಯಾಲಿಬ್ರೇಷನ್ ಎಂದರೆ ಈ ಎರಡು ಸಂಖ್ಯೆಗಳನ್ನು ಹೊಸದಾಗಿ ಕಂಡುಕೊಳ್ಳುವುದು. ಎರಡು ಸಂಖ್ಯೆ ಬೇಕಾದ್ದರಿಂದಲೇ ಎರಡು ಬಫರ್ ಬೇಕು.

ನಮ್ಮಲ್ಲಿ ಮೀಟರ್ ಪೆನ್ನುಗಳ ಜೊತೆ ಬರುವ ಪುಡಿಯ ಪೊಟ್ಟಣಗಳು ಸಾಮಾನ್ಯವಾಗಿ 6.86, 4.01 ಮತ್ತು 9.18ರವು. ಬಹುತೇಕ ಪೊಟ್ಟಣಗಳನ್ನು 250 ಮಿಲಿಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಬೇಕು. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ನೋಡಿಕೊಳ್ಳಿ. ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಸಾಕು, ಆದರೆ ಅಲ್ಲೇ ಬ್ಯಾಟರಿ ಆಸಿಡ್ಡೂ ಸಿಗುವುದರಿಂದ ಕ್ಯಾನಿನ ಚೀಟಿ ಓದಿ ತೆಗೆದುಕೊಳ್ಳಿ. ತೋಟದ ಕೆಲಸಕ್ಕೆ 6.86 ಮತ್ತು 4.01 ಎರಡೇ ಸಾಕು. ನಮಗೆ ಬೇಕಾದ ಐದೂವರೆ–ಆರೂವರೆ ಈ ಎರಡರ ನಡುವೆಯೇ ಇದೆ. 9.18ರ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬೇಗ ಕೆಳಗಿಳಿಯುತ್ತದೆ. ಕೆಟ್ಟ ಬಫರಿನಿಂದ ಮಾಡಿದ ಮೂರನೆಯ ಬಿಂದು ಒಳ್ಳೆಯ ಎರಡು ಬಿಂದುಗಳನ್ನೂ ಕೆಡಿಸುತ್ತದೆ.

ಕೆಲಸ ಹೀಗೆ ಸಾಗುತ್ತದೆ. ಎರಡೂ ಬಫರುಗಳನ್ನು ಸಣ್ಣ ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿದುಕೊಳ್ಳಿ, ಪ್ರೋಬನ್ನು ಬಾಟಲಿಗೇ ಅದ್ದಬೇಡಿ. ಬಫರುಗಳೂ ಪ್ರೋಬೂ ನೆರಳಿನಲ್ಲಿ ಒಂದೇ ತಾಪಮಾನಕ್ಕೆ ಬರಲಿ. ಪ್ರೋಬನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ತುದಿಯ ನೀರಿನ ಹನಿಯನ್ನು ಟಿಶ್ಯೂ ಕಾಗದಕ್ಕೆ ತಾಗಿಸಿ ತೆಗೆಯಿರಿ. ಬಟ್ಟೆಯಿಂದ ಉಜ್ಜಿದರೆ ಗಾಜಿನಲ್ಲಿ ಸ್ಥಿರ ವಿದ್ಯುತ್ ಕೂತು ಅಂಕಿ ಅಲುಗಾಡುತ್ತದೆ, ಗಾಜಿನ ಮೇಲ್ಪದರಕ್ಕೂ ಗೀರು ಬೀಳುತ್ತದೆ. ಮೊದಲು 6.86ರಲ್ಲಿ ಅದ್ದಿ ಮೆಲ್ಲಗೆ ತಿರುಗಿಸಿ, ಅಂಕಿ ನಿಲ್ಲುವವರೆಗೆ ಒಂದೆರಡು ನಿಮಿಷ ಕಾಯಿರಿ. ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಮತ್ತೆ ತೊಳೆದು 4.01ರಲ್ಲಿ ಹಾಗೆಯೇ ಮಾಡಿ. ಕೊನೆಗೆ ಇನ್ನೊಮ್ಮೆ 6.86ಕ್ಕೆ ಮರಳಿ. ಮೊದಲು ಬಂದದ್ದೇ ಮತ್ತೆ ಬಂದರೆ ಕ್ಯಾಲಿಬ್ರೇಷನ್ ನಂಬಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ಪ್ರೋಬಿನ ಬೋರ್ಡ್ 6.86ರಲ್ಲಿ 12 ಮಿಲಿವೋಲ್ಟ್, 4.01ರಲ್ಲಿ 172 ಮಿಲಿವೋಲ್ಟ್ ತೋರಿಸಿತು ಎನ್ನಿ. ನಡುವಿನ ವ್ಯತ್ಯಾಸ 160 ಮಿಲಿವೋಲ್ಟ್, ರಸಸಾರದ ವ್ಯತ್ಯಾಸ 2.85. ಭಾಗಿಸಿದರೆ ಪ್ರತಿ ಅಂಕಕ್ಕೆ 56.1 ಮಿಲಿವೋಲ್ಟ್. ಇರಬೇಕಾದ 59.16ರಲ್ಲಿ ಇದು ಸುಮಾರು ಶೇ. 95. ಪ್ರೋಬ್ ಆರೋಗ್ಯವಾಗಿದೆ. ಈ ಪ್ರೋಬಿನ ಸೊನ್ನೆ ಬೀಳುವುದು 7ರಲ್ಲಿ ಅಲ್ಲ, 6.86ಕ್ಕೆ 12ನ್ನು 56.1ರಿಂದ ಭಾಗಿಸಿ ಕೂಡಿಸಿದಾಗ ಸಿಗುವ 7.07ರಲ್ಲಿ. ಟ್ಯಾಂಕಿನಲ್ಲಿ ಅದ್ದಿದಾಗ 70 ಮಿಲಿವೋಲ್ಟ್ ಬಂದರೆ ರಸಸಾರ 7.07ರಿಂದ 1.25 ಕಳೆದು 5.82. ಮಾರುಕಟ್ಟೆಯ ಪೆನ್ನುಗಳು ಈ ಲೆಕ್ಕವನ್ನೆಲ್ಲ ಒಳಗೇ ಮಾಡಿ ಒಂದು ಗುಂಡಿಯಲ್ಲಿ ಮುಗಿಸುತ್ತವೆ. ಆದರೆ ಆ ಗುಂಡಿ ಕುಗ್ಗಿದ ಇಳಿಜಾರನ್ನು ಮರೆಮಾಡುತ್ತದೆ. ಅದೇ ಪ್ರೋಬ್ ಮುಂದಿನ ವರ್ಷ 40 ಮತ್ತು 160 ತೋರಿಸಿದರೆ ಪ್ರತಿ ಅಂಕಕ್ಕೆ ಬರುವುದು ಬರೀ 42, ಅಂದರೆ ಶೇ. 71. ಗುಂಡಿ ಒತ್ತಿದರೆ ಪೆನ್ನು ಅದನ್ನೂ ಒಪ್ಪಿಕೊಳ್ಳಬಹುದು. ಇಳಿಜಾರು ಶೇ. 90ಕ್ಕಿಂತ ಕೆಳಗಿಳಿದರೆ ಮೊದಲು ಪ್ರೋಬನ್ನು ಶುಚಿಗೊಳಿಸಿ. ತೊಳೆದ ಮೇಲೂ ಏರದಿದ್ದರೆ ಹೊಸದನ್ನು ತನ್ನಿ. ಹಾಗಾಗಿ ಮಿಲಿವೋಲ್ಟ್ ತೋರಿಸುವ ಮೀಟರನ್ನೇ ಕೊಳ್ಳುವುದು ಒಳ್ಳೆಯದು.

ಲವಣ ಕಟ್ಟಿದ್ದರೆ ತೀರಾ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲ ನಿಮಿಷ, ಜಿಡ್ಡು ಅಥವಾ ಪಾಚಿ ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಅದ್ದಿಟ್ಟು ಚೆನ್ನಾಗಿ ತೊಳೆಯಬೇಕು. ಬಳಸದಿರುವಾಗ ಪ್ರೋಬಿನ ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡಿನ ಗಾಢ ದ್ರಾವಣ ಇರಬೇಕು. 100 ಮಿಲಿಲೀಟರ್ ದ್ರಾವಣಕ್ಕೆ ಸುಮಾರು 22 ಗ್ರಾಂ ಲವಣ ಹಿಡಿಯುತ್ತದೆ. ಅದು ಇಲ್ಲದಿದ್ದರೆ ಒಂದೆರಡು ದಿನಕ್ಕೆ 4.01ರ ಬಫರ್ ನಡೆಯುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಮಾತ್ರ ಅದ್ದಿಡಬಾರದು. ಒಳಗಿನ ಲವಣ ಹೊರಗೆ ಸೋರಿಹೋಗಿ ಪ್ರೋಬಿನ ಆಯುಸ್ಸು ಕಡಿಮೆಯಾಗುತ್ತದೆ. ಹೊಸ ಪೆನ್ನು ತಂದವರು ಅದನ್ನು ಆರ್‌ಓ ನೀರಿನಲ್ಲಿ ಅದ್ದಿ, ಅಂಕಿ ಎಲ್ಲೂ ನಿಲ್ಲುತ್ತಿಲ್ಲ ಎಂದು ಅಂಗಡಿಗೆ ವಾಪಸು ಒಯ್ಯುವುದುಂಟು. ಪೆನ್ನಿನ ತಪ್ಪಲ್ಲ. ಅಷ್ಟು ಶುದ್ಧ ನೀರಿನಲ್ಲಿ ರಸಸಾರವನ್ನು ಹಿಡಿದು ನಿಲ್ಲಿಸುವ ಲವಣಗಳೇ ಇರುವುದಿಲ್ಲ, ಪ್ರೋಬಿಗೂ ಸರಿಯಾದ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ಪ್ರೋಬನ್ನು ಪರೀಕ್ಷಿಸಬೇಕಾದದ್ದು ಬಫರಿನಲ್ಲೇ.

ತಾಪಮಾನದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚಿಂತೆ ಬೇಡ. ಬೇಸಿಗೆಯ ತಾರಸಿಯಲ್ಲಿ ಟ್ಯಾಂಕಿನ ನೀರು 35 ಡಿಗ್ರಿಗೆ ಹೋದರೂ ಇಳಿಜಾರು ಬದಲಾಗುವುದು ಶೇ. 3ರಷ್ಟು ಮಾತ್ರ. ಆರರ ಆಸುಪಾಸಿನ ಅಳತೆಯಲ್ಲಿ ಅದರ ಪರಿಣಾಮ 0.03 ಅಂಕ, ಗಿಡಕ್ಕೆ ಅದು ಲೆಕ್ಕಕ್ಕೇ ಇಲ್ಲ. ತಾಪಮಾನ ಸರಿದೂಗಿಸುವ ಸೌಲಭ್ಯ ಇಲ್ಲವೆಂದು ಮೀಟರನ್ನು ಬದಲಾಯಿಸುವುದಕ್ಕಿಂತ ಎರಡು ವಾರಕ್ಕೊಮ್ಮೆ 6.86ರಲ್ಲಿ ಅದ್ದಿ ನೋಡುವುದು ಎಷ್ಟೋ ಮೇಲು.

ನಿಜವಾಗಿ ತೊಂದರೆ ಕೊಡುವುದು ಇನ್ನೊಂದು. ಪ್ರೋಬಿನ ಗಾಜಿಗೆ ವಿದ್ಯುತ್ ಪ್ರತಿರೋಧ ಬಹಳ ಹೆಚ್ಚು, ಹಾಗಾಗಿ ಅದರ ಸಂಕೇತ ಅತಿ ದುರ್ಬಲ. ಅದೇ ಟ್ಯಾಂಕಿನಲ್ಲಿ ಮುಳುಗಿರುವ ಪಂಪಿನಿಂದ ತುಸು ವಿದ್ಯುತ್ ಸೋರಿದರೂ, ಪಕ್ಕದಲ್ಲೇ ಲವಣಾಂಶ ಅಳೆಯುವ ಪ್ರೋಬ್ ಕೆಲಸ ಮಾಡುತ್ತಿದ್ದರೂ ಅಂಕಿ ಅರ್ಧ ಅಂಕದಷ್ಟು ಅತ್ತಿತ್ತ ಜಿಗಿಯಬಹುದು. ಕಂಡುಹಿಡಿಯುವ ಉಪಾಯ ಸರಳ. ಟ್ಯಾಂಕಿನ ನೀರನ್ನು ಒಂದು ಗಾಜಿನ ಲೋಟಕ್ಕೆ ತೆಗೆದು, ಅದೇ ಪ್ರೋಬನ್ನು ಆ ಲೋಟದಲ್ಲಿ ಅದ್ದಿ. ಟ್ಯಾಂಕಿನಲ್ಲಿ 6.4, ಲೋಟದಲ್ಲಿ 5.9 ಬಂದರೆ ನೀರು ಒಂದೇ, ಸುಳ್ಳು ಟ್ಯಾಂಕಿನ ವಿದ್ಯುತ್ತಿನದು. ಆಗ ಮುಳುಗುವ ಪಂಪನ್ನು ಕ್ಷಣಕಾಲ ನಿಲ್ಲಿಸಿ ಅಳೆಯುವಂತೆ ಕಂಟ್ರೋಲರನ್ನು ಹೊಂದಿಸಬೇಕು, ಅಥವಾ ಪ್ರೋಬಿನ ಬೋರ್ಡಿಗೆ ಪ್ರತ್ಯೇಕ ಐಸೊಲೇಟೆಡ್ ಪವರ್ ಕೊಡಬೇಕು. ಸೋರಿಕೆ ಇರುವ ಪಂಪು ಮನುಷ್ಯರಿಗೂ ಅಪಾಯ. ಅದನ್ನು ಬದಲಾಯಿಸಲೇಬೇಕು.

ಒತ್ತಿ ತಳ್ಳುವ ಪಂಪು

ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಒಂದು ಮೆತ್ತನೆಯ ಕೊಳವೆಯನ್ನು ತಿರುಗುವ ರೋಲರುಗಳು ಒತ್ತುತ್ತಾ ಸಾಗುತ್ತವೆ. ಕರುಳು ಅನ್ನವನ್ನು ಮುಂದಕ್ಕೆ ತಳ್ಳುವಂತೆಯೇ. ದ್ರವ ಕೊಳವೆಯ ಒಳಗೇ ಇರುತ್ತದೆ, ಯಂತ್ರದ ಯಾವ ಲೋಹಕ್ಕೂ ತಾಗುವುದಿಲ್ಲ. ಡಯಾಲಿಸಿಸ್ ಯಂತ್ರದಲ್ಲಿ ರಕ್ತವನ್ನು ಸಾಗಿಸುವುದೂ ಇದೇ ಬಗೆಯ ಪಂಪು. ಆಮ್ಲ ಮತ್ತು ಗೊಬ್ಬರದ ದ್ರಾವಣಗಳಿಗೆ ಇದು ಹೇಳಿ ಮಾಡಿಸಿದ್ದು. 12 ವೋಲ್ಟಿನ ಸಣ್ಣ ಮೋಟಾರಿನ ಪಂಪುಗಳು ನಿಮಿಷಕ್ಕೆ ಕೆಲವು ಹತ್ತು ಮಿಲಿಲೀಟರ್ ಕೊಡುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬಾರದು. ಪ್ರತಿ ಪಂಪನ್ನೂ ನಾವೇ ಅಳೆಯಬೇಕು.

ಕೊಳವೆಯೊಳಗೆ ಗಾಳಿಯ ಗುಳ್ಳೆ ಪೂರ್ತಿ ಹೋಗುವವರೆಗೆ ಪಂಪನ್ನು ಓಡಿಸಿ. ನಂತರ ಅಳತೆಯ ಸಿಲಿಂಡರ್ ಅಥವಾ ದೊಡ್ಡ ಸಿರಿಂಜಿನೊಳಗೆ ಸರಿಯಾಗಿ 60 ಸೆಕೆಂಡು ಬಿಡಿ. ಮೂರು ಬಾರಿ ಮಾಡಿ. 38.2, 38.6, 38.4 ಎಂದು ಬಂದರೆ ಈ ಪಂಪಿನ ವೇಗ ನಿಮಿಷಕ್ಕೆ 38.4 ಮಿಲಿಲೀಟರ್. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೂ ಅಳೆಯಬಹುದು. ಆದರೆ ಆಗ ಬರೀ ನೀರನ್ನು ಪಂಪು ಮಾಡಿ, ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿಯಿರಿ. ಗಾಢ ಗೊಬ್ಬರದ ದ್ರಾವಣ ನೀರಿಗಿಂತ ಭಾರ. ಅದನ್ನು ತೂಗಿ ನೀರಿನ ಲೆಕ್ಕ ಹಾಕಿದರೆ ಶೇ. 10ರಷ್ಟು ತಪ್ಪು ಸುಲಭವಾಗಿ ನುಸುಳುತ್ತದೆ. ಮೋಟಾರಿಗೆ ಸಿಗುವ ವೋಲ್ಟೇಜ್ ಕುಗ್ಗಿದರೆ ಪಂಪು ನಿಧಾನವಾಗುತ್ತದೆ, ಆದ್ದರಿಂದ ದಿನನಿತ್ಯ ಬಳಸುವ ಅಡಾಪ್ಟರಿನಲ್ಲೇ ಅಳೆಯಿರಿ. ರೋಲರ್ ಒತ್ತಿ ಒತ್ತಿ ಕೊಳವೆ ತನ್ನ ಸೆಟೆತ ಕಳೆದುಕೊಳ್ಳುವುದರಿಂದ ತಿಂಗಳಿಗೊಮ್ಮೆ ಮತ್ತೆ ಅಳೆಯುವುದು ಒಳ್ಳೆಯದು.

ಗೊಬ್ಬರಕ್ಕೆ ಎರಡು ಪಂಪು ಬೇಕು, ಒಂದರಲ್ಲಿ ಆಗುವುದಿಲ್ಲ. ‘ಎ’ ಬಾಟಲಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣ, ‘ಬಿ’ ಬಾಟಲಿಯಲ್ಲಿ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ಮತ್ತು ಸೂಕ್ಷ್ಮ ಪೋಷಕಾಂಶಗಳು. ಗಾಢವಾಗಿರುವಾಗಲೇ ಇವೆರಡನ್ನು ಬೆರೆಸಿದರೆ ಕ್ಯಾಲ್ಸಿಯಂ, ಸಲ್ಫೇಟಿನೊಂದಿಗೆ ಸೇರಿ ಜಿಪ್ಸಂ ಆಗುತ್ತದೆ, ಫಾಸ್ಫೇಟಿನೊಂದಿಗೂ ಸೇರಿ ಬಿಳಿ ಕೆಸರಾಗಿ ತಳಕ್ಕಿಳಿಯುತ್ತದೆ. ಟ್ಯಾಂಕಿನ ನೀರಿನಲ್ಲಿ ತೆಳುವಾದ ಮೇಲೆ ಈ ಭಯವಿಲ್ಲ. ಆದ್ದರಿಂದ ಮೊದಲು ಎ, ನೀರು ಚೆನ್ನಾಗಿ ಸುತ್ತಾಡಿದ ಮೇಲೆ ಬಿ. ಎರಡೂ ಕೊಳವೆಗಳ ತುದಿಗಳನ್ನು ಟ್ಯಾಂಕಿನ ಬೇರೆ ಬೇರೆ ಮೂಲೆಗಳಲ್ಲಿಡಿ.

ಎಷ್ಟು ಹಾಕಬೇಕು ಎಂದು ಹೇಳುವುದು ಇಸಿ ಮೀಟರ್. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಹರಿಯುತ್ತದೆ, ಅದನ್ನೇ ಇಸಿ ಅಳೆಯುತ್ತದೆ. ಈ ಮೀಟರನ್ನೂ 1.413 ಎಂದು ಗುರುತಿಸಿದ ದ್ರಾವಣದಲ್ಲಿ ಕ್ಯಾಲಿಬ್ರೇಟ್ ಮಾಡಬೇಕು. ರಸಸಾರದ ಪ್ರೋಬಿಗಿಂತ ಇದು ಬಹಳ ಗಟ್ಟಿ, ಅಷ್ಟು ಬೇಗ ದಾರಿ ತಪ್ಪುವುದಿಲ್ಲ.

ನೂರು ಲೀಟರಿನ ಟ್ಯಾಂಕು, ಲೆಟ್ಯೂಸ್ ಬೆಳೆ ಎಂದಿಟ್ಟುಕೊಳ್ಳಿ. ಇಸಿ 1.4 ಇರಬೇಕು, ಗಿಡ ಹೀರಿದ ನೀರನ್ನು ತುಂಬಿಸಿದ ಮೇಲೆ ಅದು 1.1 ತೋರಿಸುತ್ತಿದೆ. ಗೊಬ್ಬರದ ದ್ರಾವಣ ಎಷ್ಟು ಗಾಢವಾಗಿದೆ ಎಂದು ಮೊದಲು ಬಕೆಟಿನಲ್ಲಿ ತಿಳಿದುಕೊಳ್ಳೋಣ. 10 ಲೀಟರ್ ನೀರಿಗೆ ಎ ಮತ್ತು ಬಿ ತಲಾ 10 ಮಿಲಿಲೀಟರ್ ಹಾಕಿ ಕಲಕಿದಾಗ ಇಸಿ 0.5ರಿಂದ 0.9ಕ್ಕೆ ಏರಿತು. ಅಂದರೆ ಲೀಟರಿಗೆ ತಲಾ ಒಂದು ಮಿಲಿಲೀಟರಿಗೆ 0.4 ಏರಿಕೆ. ನಮಗೆ ಬೇಕಾದ ಏರಿಕೆ 0.3, ಆದ್ದರಿಂದ ಲೀಟರಿಗೆ 0.75, ನೂರು ಲೀಟರಿಗೆ ತಲಾ 75 ಮಿಲಿಲೀಟರ್. ಎ ಪಂಪು ನಿಮಿಷಕ್ಕೆ 38.4 ಕೊಡುವುದಾದರೆ 117 ಸೆಕೆಂಡು ಓಡಬೇಕು. ಅದೇ ಅಂಗಡಿಯಲ್ಲಿ ಅದೇ ದಿನ ತಂದ ಬಿ ಪಂಪು ನಿಮಿಷಕ್ಕೆ 41 ಕೊಡುತ್ತಿರಬಹುದು. ಆಗ ಅದಕ್ಕೆ 110 ಸೆಕೆಂಡು ಸಾಕು. ಎರಡಕ್ಕೂ ಒಂದೇ ಸಮಯ ಕೊಟ್ಟರೆ ಪ್ರತಿ ಸಲವೂ ಬಿ ಐದು ಮಿಲಿಲೀಟರ್ ಹೆಚ್ಚು ಬೀಳುತ್ತದೆ. ವಾರಗಳು ಕಳೆದಂತೆ ಕ್ಯಾಲ್ಸಿಯಂ ಹಿಂದೆ ಬೀಳುತ್ತದೆ, ಆದರೆ ಒಟ್ಟು ಲವಣವನ್ನಷ್ಟೇ ನೋಡುವ ಇಸಿ ಮೀಟರ್ 1.4 ಎಂದೇ ಹೇಳುತ್ತಿರುತ್ತದೆ. ಎ ಮತ್ತು ಬಿ ಬಾಟಲಿಗಳು ಒಟ್ಟಿಗೆ ಖಾಲಿಯಾಗುತ್ತಿವೆಯೇ ಎಂದು ಗಮನಿಸಿ. ಈ ತಪ್ಪು ಹೊರಗೆ ಕಾಣುವುದು ಅಲ್ಲಿಯೇ.

ಬೇಕಾದ ಅಷ್ಟನ್ನೂ ಒಂದೇ ಸಲಕ್ಕೆ ಹಾಕದೆ ಮೊದಲು ಅರ್ಧ ಹಾಕಿ, 15–20 ನಿಮಿಷ ನೀರು ಸುತ್ತಾಡಲು ಬಿಟ್ಟು, ಮತ್ತೆ ಅಳೆದು ಉಳಿದದ್ದನ್ನು ಹಾಕುವುದು ಸರಿಯಾದ ಕ್ರಮ. ಗೊಬ್ಬರವೂ ರಸಸಾರವನ್ನು ಬದಲಾಯಿಸುವುದರಿಂದ ಮೊದಲು ನೀರು, ನಂತರ ಗೊಬ್ಬರ, ಕಟ್ಟಕಡೆಗೆ ಆಮ್ಲ.

ಕೊಳವೆ ಜೋಡಿಸುವಾಗ ಒಂದು ಎಚ್ಚರ. ಪಂಪು ನಿಂತಾಗ ಒಂದು ರೋಲರ್ ಸದಾ ಕೊಳವೆಯನ್ನು ಒತ್ತಿ ಹಿಡಿದಿರುತ್ತದೆ, ಅದರಿಂದ ದ್ರವ ತಾನಾಗಿ ಹರಿಯುವುದಿಲ್ಲ. ಕೊಳವೆ ಸವೆದ ಮೇಲೆ ಆ ಹಿಡಿತ ಇರುವುದಿಲ್ಲ. ಆಗ ಬಾಟಲಿ ಟ್ಯಾಂಕಿಗಿಂತ ಎತ್ತರದಲ್ಲಿದ್ದರೆ ರಾತ್ರೋರಾತ್ರಿ ಬಾಟಲಿಯಲ್ಲಿದ್ದದ್ದೆಲ್ಲ ಟ್ಯಾಂಕಿಗೆ ಇಳಿಯಬಹುದು. ಬಾಟಲಿ ಕೆಳಗಿದ್ದು ಕೊಳವೆಯ ತುದಿ ನೀರಿನಲ್ಲಿ ಮುಳುಗಿದ್ದರೆ ಟ್ಯಾಂಕಿನ ನೀರೇ ಬಾಟಲಿಗೆ ಬರಬಹುದು. ಬಾಟಲಿ ನೆಲದ ಮೇಲಿರಲಿ, ಕೊಳವೆಯ ತುದಿ ನೀರಿನ ಮಟ್ಟಕ್ಕಿಂತ ಮೇಲೆ ಹನಿಯುವಂತಿರಲಿ. ಎರಡೂ ಅಪಾಯ ತಪ್ಪುತ್ತವೆ.

ಆಮ್ಲದ ಲೆಕ್ಕವೇ ಬೇರೆ

ಇಸಿಯ ಲೆಕ್ಕ ಸರಳ ರೇಖೆಯಂತೆ ಸಾಗುತ್ತದೆ. ಎರಡರಷ್ಟು ಹಾಕಿದರೆ ಎರಡರಷ್ಟು ಏರುತ್ತದೆ. ಆಮ್ಲದ್ದು ಹಾಗಲ್ಲ. ಮೊದಮೊದಲು ನೀರಿನ ಬೈಕಾರ್ಬನೇಟ್ ಆಮ್ಲವನ್ನು ನುಂಗುತ್ತದೆ, ರಸಸಾರ ನಿಧಾನವಾಗಿ ಇಳಿಯುತ್ತದೆ. ಅದು ಮುಗಿಯುತ್ತಾ ಬಂದಂತೆ ಅಷ್ಟೇ ಆಮ್ಲಕ್ಕೆ ರಸಸಾರ ಧಡಾರನೆ ಕುಸಿಯುತ್ತದೆ. ಐದೂವರೆಯ ಕೆಳಗೆ ಈ ಕುಸಿತ ಕಣ್ಣಿಗೆ ಕಾಣುವಷ್ಟು ತೀಕ್ಷ್ಣ. ಹೀಗಾಗಿ ಸೂತ್ರ ನಂಬುವ ಬದಲು ಟ್ಯಾಂಕಿನ ನೀರಿನಲ್ಲೇ ಪರೀಕ್ಷಿಸಿ ನೋಡಬೇಕು.

ಶೇ. 85ರ ಫಾಸ್ಫರಿಕ್ ಆಮ್ಲವನ್ನು ಒಂದು ಭಾಗ ತೆಗೆದುಕೊಂಡು ಒಂಬತ್ತು ಭಾಗ ನೀರಿಗೆ ನಿಧಾನವಾಗಿ ಸುರಿಯಿರಿ. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಈಗ ಟ್ಯಾಂಕಿನಿಂದ ಒಂದು ಲೀಟರ್ ನೀರು ತೆಗೆದು, ಒಂದು ಮಿಲಿಲೀಟರಿನ ಸಿರಿಂಜಿನಿಂದ 0.1ರಂತೆ ಹಾಕಿ ಕಲಕುತ್ತಾ ಅಳೆಯಿರಿ. 6.9ರಿಂದ 5.9ಕ್ಕೆ ಬರಲು 0.6 ಮಿಲಿಲೀಟರ್ ಹಿಡಿದರೆ ನೂರು ಲೀಟರಿಗೆ 60. ಈ ಮೊದಲ ದೊಡ್ಡ ತಿದ್ದುಪಡಿಯನ್ನು ಪಂಪಿಗೆ ಬಿಡದೆ ಕೈಯಲ್ಲೇ ಮಾಡಿ, ಮೊದಲು 30 ಹಾಕಿ, ಕಾದು, ಅಳೆದು, ಉಳಿದದ್ದನ್ನು ಹಾಕಿ. ಪಂಪಿನ ಪಾಲಿಗಿರಲಿ ಆ ಮೇಲಿನ ನಿತ್ಯದ ಸಣ್ಣ ತಿದ್ದುಪಡಿ.

ಅದರಲ್ಲೂ ಪಂಪಿನ ಒಂದು ಮಿತಿ ಇದೆ. ರೋಲರ್ ಬಿಟ್ಟ ಜಾಗದಿಂದ ದ್ರವ ಏಕಸಮವಾಗಿ ಬರದೆ ಸಣ್ಣ ಸಣ್ಣ ಕಂತಾಗಿ ಬರುತ್ತದೆ. ಒಂದೆರಡು ಸೆಕೆಂಡು ಓಡಿಸಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಏಳೆಂಟು ಸೆಕೆಂಡಾದರೂ ಓಡುವಷ್ಟು ಆಮ್ಲವನ್ನು ತೆಳುವಾಗಿಸಿಕೊಂಡರೆ ಈ ಏರುಪೇರು ಗೌಣವಾಗುತ್ತದೆ. ಆಮ್ಲದ ಪಂಪನ್ನು ಅಳೆಯುವಾಗಲೂ 60 ಸೆಕೆಂಡಿನ ಬದಲು ಎಂಟೆಂಟು ಸೆಕೆಂಡಿನ ಹತ್ತು ಓಟ ಓಡಿಸಿ, ಬಂದ ಮೊತ್ತವನ್ನು ಹತ್ತರಿಂದ ಭಾಗಿಸಿ.

ಈಗ ಪ್ರೋಬ್ ಸುಳ್ಳು ಹೇಳಿದರೆ ಏನಾಗುತ್ತದೆ ನೋಡಿ. ಮೇಲೆ ಹೇಳಿದ ಪ್ರೋಬಿನ ಸೊನ್ನೆ ಕ್ರಮೇಣ 39 ಮಿಲಿವೋಲ್ಟ್ ಸರಿದಿದೆ, ಯಾರೂ ಗಮನಿಸಿಲ್ಲ. ಅದು 0.7 ಅಂಕದಷ್ಟು ಹೆಚ್ಚು ತೋರಿಸುತ್ತಿದೆ. ನಿಜವಾದ ರಸಸಾರ 5.9 ಇದ್ದರೂ ಪರದೆಯ ಮೇಲೆ 6.6. ಕಂಟ್ರೋಲರಿಗೆ 6.0 ಎಂದು ಗುರಿ ಕೊಟ್ಟಿದ್ದೇವೆ. ಅದು ಪರದೆ 6.0 ತೋರಿಸುವವರೆಗೆ ಆಮ್ಲ ಹಾಕಿ ನಿಜವಾದ ರಸಸಾರವನ್ನು 5.3ಕ್ಕೆ ಇಳಿಸುತ್ತದೆ. ಪರದೆ ನೋಡಿದವರಿಗೆ ಎಲ್ಲವೂ ಚೆನ್ನಾಗಿಯೇ ಇದೆ. ಪ್ರೋಬ್ ಇನ್ನಷ್ಟು ಸರಿದರೆ ನಿಜ ರಸಸಾರ ಐದರ ಕೆಳಗೆ ಹೋಗಿ ಬೇರಿನ ತುದಿಗಳಿಗೆ ಪೆಟ್ಟು ಬೀಳುತ್ತದೆ.

ಇದಕ್ಕಿಂತ ಕೆಟ್ಟದ್ದು ಗುಳ್ಳೆ ಬಿರುಕು ಬಿಡುವುದು. ಬಿರುಕಿದ ಪ್ರೋಬ್ ಸುಮ್ಮನಾಗುವುದಿಲ್ಲ. ಯಾವ ದ್ರವದಲ್ಲಿ ಅದ್ದಿದರೂ ಸೊನ್ನೆಯ ಆಸುಪಾಸಿನ ಮಿಲಿವೋಲ್ಟ್ ಕೊಡುತ್ತದೆ, ಅಂದರೆ 7 ಎನ್ನುತ್ತದೆ. ಎಷ್ಟು ಆಮ್ಲ ಹಾಕಿದರೂ 7. ಮಿತಿಯಿಲ್ಲದ ಕಂಟ್ರೋಲರ್ ಬಾಟಲಿ ಖಾಲಿಯಾಗುವವರೆಗೆ ಪಂಪನ್ನು ಓಡಿಸುತ್ತದೆ. 6.86 ಮತ್ತು 4.01 ಎರಡರಲ್ಲೂ ಒಂದೇ ಅಂಕಿ ಬಂದರೆ ಪ್ರೋಬ್ ಸತ್ತಿದೆ, ತೊಳೆದು ಪ್ರಯೋಜನವಿಲ್ಲ.

ಆದ್ದರಿಂದ ಕಂಟ್ರೋಲರಿನಲ್ಲಿ ಮೂರು ಕಟ್ಟುಪಾಡು ಇರಲೇಬೇಕು. ಒಂದು ಸಲಕ್ಕೆ ಐದು ಮಿಲಿಲೀಟರಿಗಿಂತ ಹೆಚ್ಚು ಆಮ್ಲ ಬೇಡ. ಎರಡು ಸಲದ ನಡುವೆ ಕನಿಷ್ಠ 20 ನಿಮಿಷ ಇರಲಿ. ಹಾಗೂ ದಿನಕ್ಕೊಂದು ಗರಿಷ್ಠ ಮಿತಿ. ಮೊದಲ ವಾರ ದಿನಕ್ಕೆ ಸುಮಾರು 15 ಮಿಲಿಲೀಟರ್ ಬೇಕಾಗುತ್ತಿದೆ ಎಂದು ಕಂಡರೆ ಮಿತಿ 30. ಅದನ್ನು ಮುಟ್ಟಿದ ಕೂಡಲೇ ಪಂಪು ನಿಂತು ಕೆಂಪು ದೀಪ ಹತ್ತಲಿ. ಮಿತಿ ಮುಟ್ಟಿದ ದಿನ ಬದಲಾಗಿರುವುದು ಗಿಡವಲ್ಲ, ಪ್ರೋಬ್ ಎಂದು ಮೊದಲು ಅನುಮಾನಿಸಬೇಕು. ಆಮ್ಲದ ಬಾಟಲಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ತಾರೀಖು ಬರೆಯುವುದು ಅಗ್ಗದ ಉಪಾಯ, ಆದರೆ ಅದು ಪ್ರೋಬನ್ನು ಅವಲಂಬಿಸದ ಸಾಕ್ಷಿ. ಪರದೆ 6.0 ಎಂದು ನಿಶ್ಚಿಂತವಾಗಿ ತೋರಿಸುತ್ತಿದ್ದು, ಬಾಟಲಿ ಮಾತ್ರ ಹಿಂದಿನ ವಾರಕ್ಕಿಂತ ಎರಡು ಪಟ್ಟು ವೇಗವಾಗಿ ಇಳಿಯುತ್ತಿದ್ದರೆ ಬಾಟಲಿಯನ್ನೇ ನಂಬಿ.

ಇನ್ನೊಂದು ಮಾತು. ಗಡಸು ಬೋರ್‌ವೆಲ್ ನೀರಿಗೆ ದಿನವೂ ಫಾಸ್ಫರಿಕ್ ಆಮ್ಲ ಹಾಕುತ್ತಾ ಹೋದರೆ ರಂಜಕವೂ ಟ್ಯಾಂಕಿನಲ್ಲಿ ಪೇರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಟ್ಯಾಂಕಿನ ನೀರನ್ನು ಪೂರ್ತಿ ಬದಲಾಯಿಸಿ, ಹಳೆಯದನ್ನು ಅಂಗಳದ ಗಿಡಗಳಿಗೆ ಹಾಕುವುದು ಇದಕ್ಕೆ ಸುಲಭ ಪರಿಹಾರ. ಮಳೆನೀರು ಸಂಗ್ರಹಿಸುವವರು ಅರ್ಧಕ್ಕರ್ಧ ಮಳೆನೀರು ಬೆರೆಸಿದರೆ ಆಮ್ಲದ ಖರ್ಚೇ ತಗ್ಗುತ್ತದೆ, ಪಂಪಿಗೂ ಕೆಲಸ ಕಡಿಮೆ.

ಇದನ್ನೆಲ್ಲ ಹೊಸದಾಗಿ ಶುರು ಮಾಡುವವರಲ್ಲಿ ಒಂದು ಕೋರಿಕೆ. ಪಂಪು ಕೊಳ್ಳುವ ಮೊದಲು ಒಂದು ತಿಂಗಳು ಸಿರಿಂಜಿನಿಂದ ಕೈಯಾರೆ ಹಾಕಿ. ಪ್ರತಿ ದಿನದ ರಸಸಾರ, ಇಸಿ, ಎಷ್ಟು ಆಮ್ಲ, ಎಷ್ಟು ಎ, ಎಷ್ಟು ಬಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪ್ರೋಬನ್ನು ಬಫರಿನಲ್ಲಿ ಪರೀಕ್ಷಿಸಿದ ತಾರೀಖೂ ಅದರಲ್ಲೇ ಇರಲಿ. ಮುಂದೆ ಪಂಪಿಗೆ ಕೊಡಬೇಕಾದ ಪ್ರಮಾಣ, ಅಂತರ, ಗರಿಷ್ಠ ಮಿತಿ ಎಲ್ಲವೂ ಆ ನೋಟ್‌ಬುಕ್ಕಿನಿಂದಲೇ ಸಿಗುತ್ತವೆ.